ಒಂದೇ ಪಾತ್ರೆಯಲ್ಲಿ ಮೂರು ಬಗೆಯ ಮೊಟ್ಟೆ: ಗೌಜಲಕ್ಕಿ, ಕೋಳಿ, ಬಾತುಕೋಳಿ

ಕೋಳಿ ಮೊಟ್ಟೆಯ ಪಕ್ಕದಲ್ಲಿ ಈಗ ಚುಕ್ಕಿ ಚುಕ್ಕಿಯ ಪುಟ್ಟ ಮೊಟ್ಟೆಗಳೂ ದೊಡ್ಡದಾದ ಮಾಸಲು ಬಿಳಿ ಮೊಟ್ಟೆಗಳೂ ಕಾಣಿಸಿಕೊಳ್ಳುತ್ತಿವೆ. ಪುಟ್ಟದ್ದು ಗೌಜಲಕ್ಕಿಯದು, ಕ್ವೇಲ್ ಮೊಟ್ಟೆ ಎಂದೂ ಮಾರುತ್ತಾರೆ. ದೊಡ್ಡದು ಬಾತುಕೋಳಿಯದು. ಕೋಳಿ ಮೊಟ್ಟೆ ಬೇಯಿಸಿ ಪಳಗಿದ ಕೈ ಇವನ್ನೂ ಅದೇ ಲೆಕ್ಕದಲ್ಲಿ ಬೇಯಿಸಿದರೆ ಪುಟ್ಟದ್ದು ರಬ್ಬರಿನಂತಾಗುತ್ತದೆ, ದೊಡ್ಡದರ ನಡು ಹಸಿಯಾಗಿಯೇ ಉಳಿಯುತ್ತದೆ. ಪೌಷ್ಟಿಕಾಂಶದ ವಿಷಯಕ್ಕೆ ಬಂದರೆ ಗೊಂದಲ ಇನ್ನೂ ಹೆಚ್ಚು. ಒಬ್ಬರು ಒಂದು ಮೊಟ್ಟೆಗೆ ಲೆಕ್ಕ ಹೇಳುತ್ತಾರೆ, ಇನ್ನೊಬ್ಬರು ನೂರು ಗ್ರಾಂಗೆ. ಎರಡನ್ನೂ ಬೆರೆಸಿದರೆ ಯಾವ ಮೊಟ್ಟೆಯನ್ನು ಬೇಕಾದರೂ ಅದ್ಭುತ ಎಂದು ತೋರಿಸಬಹುದು.

ಈ ಮೂರರ ನಡುವಿನ ಬಹುಪಾಲು ವ್ಯತ್ಯಾಸಗಳ ಹಿಂದೆ ಇರುವುದು ಎರಡೇ ಸಂಗತಿ. ಮೊಟ್ಟೆ ಎಷ್ಟು ದಪ್ಪ ಇದೆ ಎಂಬುದು ಒಂದು, ಅದರೊಳಗೆ ಹಳದಿಯ ಪಾಲು ಎಷ್ಟು ಎಂಬುದು ಇನ್ನೊಂದು. ಬೇಯುವ ಸಮಯವನ್ನು ಮೊದಲನೆಯದು ತೀರ್ಮಾನಿಸುತ್ತದೆ. ರುಚಿ ಮತ್ತು ಪೋಷಣೆಯ ಬಹುಭಾಗ ಎರಡನೆಯದರ ಕೈಯಲ್ಲಿದೆ.

ಗಾತ್ರ: ಎಣಿಸುವುದಕ್ಕಿಂತ ತೂಗುವುದು ಲೇಸು

ಚಿಪ್ಪಿನ ಸಮೇತ ತೂಗಿದರೆ ಗೌಜಲಕ್ಕಿ ಮೊಟ್ಟೆ 10ರಿಂದ 12 ಗ್ರಾಂ, ಸಾಮಾನ್ಯ ಕೋಳಿ ಮೊಟ್ಟೆ 55ರಿಂದ 60 ಗ್ರಾಂ, ಬಾತುಕೋಳಿ ಮೊಟ್ಟೆ 70ರಿಂದ 80 ಗ್ರಾಂ ಇರುತ್ತದೆ. ಬಾತುಕೋಳಿಯ ತಳಿಯ ಮೇಲೆ ಇದು ಹೆಚ್ಚುಕಡಿಮೆಯಾಗುತ್ತದೆ. ಚಿಪ್ಪು ತೆಗೆದ ಮೇಲೆ ತಿನ್ನಲು ಸಿಗುವುದು ಸುಮಾರಾಗಿ 9, 50 ಮತ್ತು 70 ಗ್ರಾಂ. ಹಾಗಾಗಿ ಒಂದು ಕೋಳಿ ಮೊಟ್ಟೆಗೆ ಸಮನಾಗಲು ಐದು ಗೌಜಲಕ್ಕಿ ಮೊಟ್ಟೆ ಬೇಕು, ಕೆಲವೊಮ್ಮೆ ಆರು. ಮೂರು ಕೋಳಿ ಮೊಟ್ಟೆಯ ಜಾಗಕ್ಕೆ ಎರಡು ಬಾತುಕೋಳಿ ಮೊಟ್ಟೆ ಸಾಕು.

ಚಿಪ್ಪಿನ ಗುಣವೂ ಬೇರೆ ಬೇರೆ. ಬಾತುಕೋಳಿಯದು ದಪ್ಪ ಮತ್ತು ಗಟ್ಟಿ. ಪಾತ್ರೆಯ ಅಂಚಿಗೆ ಮೆಲ್ಲಗೆ ತಟ್ಟಿದರೆ ಒಡೆಯುವುದಿಲ್ಲ, ಜೋರಾಗಿ ತಟ್ಟಿದರೆ ಹಳದಿಯೂ ಒಡೆದುಹೋಗುತ್ತದೆ. ಸಮತಟ್ಟಾದ ಕಲ್ಲಿನ ಮೇಲೆ ಒಂದೇ ಏಟು ಹಾಕುವುದು ಸರಿಯಾದ ದಾರಿ. ಗೌಜಲಕ್ಕಿ ಮೊಟ್ಟೆಯ ಕಥೆ ಇದಕ್ಕೆ ತಿರುಗುಮುರುಗು. ಚಿಪ್ಪು ತೆಳು, ಆದರೆ ಅದರೊಳಗಿನ ಪೊರೆ ಬಲು ಗಟ್ಟಿ. ತಟ್ಟಿದರೆ ಚಿಪ್ಪು ಪುಡಿಪುಡಿಯಾಗುತ್ತದೆ, ಪೊರೆ ಮಾತ್ರ ಹರಿಯದೆ ಹಾಗೇ ಉಳಿಯುತ್ತದೆ. ಬೆರಳಿನಿಂದ ಒತ್ತಿದಾಗ ಚಿಪ್ಪಿನ ಚೂರುಗಳ ಜೊತೆ ಹಳದಿಯೂ ಹೊರಬರುತ್ತದೆ. ಹಸಿ ಮೊಟ್ಟೆ ಒಡೆಯಬೇಕಾದರೆ ಹಲ್ಲಿರುವ ಸಣ್ಣ ಚಾಕುವಿನಿಂದ ದಪ್ಪ ತುದಿಯ ಹತ್ತಿರ ಒಂದು ಗೀರು ಹಾಕಿ, ಪೊರೆಯನ್ನೂ ಕೊಯ್ದು, ಆ ಟೋಪಿಯನ್ನು ಎತ್ತಿ ಬಗ್ಗಿಸಬೇಕು.

ಬೇಯುವ ಸಮಯ ದಪ್ಪಕ್ಕೆ ತಕ್ಕಂತೆ ಏಕೆ ಏರುವುದಿಲ್ಲ?

ಕುದಿಯುವ ನೀರಿನಲ್ಲಿ ಬಿಸಿ ಚಿಪ್ಪಿನಿಂದ ನಡುವಿಗೆ ಇಂಚಿಂಚಾಗಿ ಇಳಿಯುತ್ತದೆ. ಇಡೀ ಆಲೂಗಡ್ಡೆ ಬೇಯಲು ಅರ್ಧ ಗಂಟೆ ಹಿಡಿದರೆ, ಅದನ್ನೇ ಸಣ್ಣ ಹೋಳು ಮಾಡಿ ಹಾಕಿದಾಗ ಕೆಲವೇ ನಿಮಿಷಗಳಲ್ಲಿ ಬೇಯುವುದು ಇದೇ ಕಾರಣಕ್ಕೆ. ಇಲ್ಲಿ ನೆನಪಿಡಬೇಕಾದ ಲೆಕ್ಕ ಇಷ್ಟು: ದಪ್ಪ ಎರಡು ಪಟ್ಟಾದರೆ ಬೇಯುವ ಸಮಯ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಬಿಸಿ ಹೋಗಬೇಕಾದ ದೂರವೂ ಹೆಚ್ಚು, ದಾರಿಯಲ್ಲಿ ಕಾಯಿಸಬೇಕಾದ ವಸ್ತುವೂ ಹೆಚ್ಚು. ಎರಡೂ ಸೇರಿ ಸಮಯವನ್ನು ಎಳೆಯುತ್ತವೆ.

ಈಗ ಅಳತೆ ಹಾಕಿ ನೋಡೋಣ. ಅಡ್ಡಡ್ಡ ಅಳೆದರೆ ಕೋಳಿ ಮೊಟ್ಟೆ ಸುಮಾರು 4.3 ಸೆಂ.ಮೀ. ದಪ್ಪ, ಗೌಜಲಕ್ಕಿಯದು 2.5, ಬಾತುಕೋಳಿಯದು 4.7. ಕೋಳಿ ಮೊಟ್ಟೆಗೆ ಹೋಲಿಸಿದರೆ ಗೌಜಲಕ್ಕಿ ಮೊಟ್ಟೆಯ ದಪ್ಪ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಇದೆ. ಆದರೂ ಮೇಲಿನ ಲೆಕ್ಕದ ಪ್ರಕಾರ ಅದು ಬೇಯಲು ಮೂರನೇ ಒಂದು ಭಾಗದಷ್ಟು ಸಮಯ ಸಾಕು. ಬಾತುಕೋಳಿ ಮೊಟ್ಟೆ ತೂಕದಲ್ಲಿ ಸುಮಾರು ಶೇಕಡ 30ರಷ್ಟು ಹೆಚ್ಚಿದ್ದರೂ ಸಮಯ ಐದನೇ ಒಂದು ಭಾಗ ಮಾತ್ರ ಹೆಚ್ಚುತ್ತದೆ.

ಕೋಣೆಯ ಬಿಸಿಯಲ್ಲಿರುವ ಮೊಟ್ಟೆಯನ್ನು ಕುದಿಯುವ ನೀರಿಗೆ ಇಳಿಸಿ, ಕೋಳಿ ಮೊಟ್ಟೆ ಪೂರ್ತಿ ಗಟ್ಟಿಯಾಗಲು 10 ನಿಮಿಷ ಎಂದುಕೊಳ್ಳಿ. ಆಗ ಬಾತುಕೋಳಿಯದಕ್ಕೆ 12 ನಿಮಿಷ, ಗೌಜಲಕ್ಕಿಯದಕ್ಕೆ ಮೂರೂಕಾಲು ನಿಮಿಷ ಬರುತ್ತದೆ. ಅಡುಗೆಮನೆಯಲ್ಲಿ ಗೌಜಲಕ್ಕಿಗೆ 4 ನಿಮಿಷ ಕೊಡುವುದು ವಾಡಿಕೆ. ಯಾರೂ ಒಂದೇ ಒಂದು ಪುಟ್ಟ ಮೊಟ್ಟೆ ಬೇಯಿಸುವುದಿಲ್ಲ. ಎಂಟು ಹತ್ತು ಒಟ್ಟಿಗೆ ಬಿದ್ದಾಗ ನೀರಿನ ಕುದಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಆ ಕೊರತೆಯನ್ನು ಈ ಹೆಚ್ಚುವರಿ ಮುಕ್ಕಾಲು ನಿಮಿಷ ತುಂಬುತ್ತದೆ. ಹಳದಿ ಅರೆಗಟ್ಟಿಯಾಗಿ ನಡುವೆ ಹರಿಯುವಂತೆ ಬೇಕಿದ್ದರೆ ಕೋಳಿಗೆ ಆರೂವರೆಯಿಂದ 7 ನಿಮಿಷ, ಗೌಜಲಕ್ಕಿಗೆ ಸುಮಾರು ಎರಡೂವರೆ ನಿಮಿಷ.

ಬಾತುಕೋಳಿ ಮೊಟ್ಟೆಗೆ ಅರೆಬೇಯಿಸಿದ ಲೆಕ್ಕವನ್ನು ಬೇಕೆಂದೇ ಬಿಟ್ಟಿದ್ದೇವೆ. ಬಾತುಕೋಳಿಗಳು ಹೆಚ್ಚಾಗಿ ನೆಲದ ಮೇಲೆ, ಒದ್ದೆ ಜಾಗದಲ್ಲಿ ಮೊಟ್ಟೆಯಿಡುತ್ತವೆ. ಸಾಲ್ಮೊನೆಲ್ಲ ಎಂಬ ರೋಗಾಣು ಚಿಪ್ಪಿನ ಮೇಲೂ ಒಳಗೂ ಇರುವ ಸಂಭವ ಇದೆ. ಬಿಳಿ ಮತ್ತು ಹಳದಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸುವುದೇ ಇದಕ್ಕೆ ಉಪಾಯ. ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ತಿನ್ನುವುದಾದರೆ ಈ ವಿಷಯದಲ್ಲಿ ರಾಜಿ ಬೇಡ. ಕೋಳಿ ಮತ್ತು ಗೌಜಲಕ್ಕಿ ಮೊಟ್ಟೆಗೂ ಇವರ ಮಟ್ಟಿಗೆ ಪೂರ್ತಿ ಬೇಯಿಸುವುದೇ ಕ್ಷೇಮ.

ಮೂರನ್ನೂ ಒಟ್ಟಿಗೆ ಬೇಯಿಸುವ ಬಗೆ

ಎರಡು ಬಾತುಕೋಳಿ, ಎರಡು ಕೋಳಿ, ಎಂಟು ಗೌಜಲಕ್ಕಿ ಮೊಟ್ಟೆ ಒಂದೇ ಪಾತ್ರೆಯಲ್ಲಿ ಬೇಯಬೇಕು, ಮೂರೂ ಒಂದೇ ಹೊತ್ತಿಗೆ ಸಿದ್ಧವಾಗಬೇಕು ಎಂದಿಟ್ಟುಕೊಳ್ಳಿ. ಒಟ್ಟು ಸಮಯ 12 ನಿಮಿಷ. ಹಾಕುವಾಗ ಹಿಂದುಮುಂದು, ತೆಗೆಯುವಾಗ ಒಟ್ಟಿಗೆ.

ಮೊಟ್ಟೆಗಳನ್ನು ಅರ್ಧ ಗಂಟೆ ಮೊದಲೇ ಫ್ರಿಜ್‌ನಿಂದ ಹೊರಗಿಡಿ. ಅಗಲವಾದ ಪಾತ್ರೆಯಲ್ಲಿ ಎರಡು ಲೀಟರ್ ನೀರು ಕುದಿಸಿ. ನೀರು ಕಡಿಮೆ ಇದ್ದಷ್ಟೂ ಪ್ರತಿ ಸಲ ಮೊಟ್ಟೆ ಹಾಕಿದಾಗ ಕುದಿ ಕುಸಿದು ಲೆಕ್ಕ ತಪ್ಪುತ್ತದೆ. ಕುದಿ ಬಂದ ಮೇಲೆ ಉರಿ ಸ್ವಲ್ಪ ತಗ್ಗಿಸಿ. ಗುಳ್ಳೆ ಏಳುತ್ತಿರಬೇಕು, ಆದರೆ ಮೊಟ್ಟೆಗಳು ಪಾತ್ರೆಗೆ ಬಡಿದುಕೊಳ್ಳುವಷ್ಟು ಕೊತಕೊತ ಬೇಡ. ಬಾತುಕೋಳಿ ಮೊಟ್ಟೆಗಳನ್ನು ಸೌಟಿನಲ್ಲಿ ಇಳಿಸಿ ಗಡಿಯಾರ ನೋಡಿಕೊಳ್ಳಿ. ಎರಡು ನಿಮಿಷ ಆದಾಗ ಕೋಳಿ ಮೊಟ್ಟೆ ಹಾಕಿ. ಎಂಟು ನಿಮಿಷ ಆದಾಗ ಗೌಜಲಕ್ಕಿ ಮೊಟ್ಟೆಗಳ ಸರದಿ. ಇವನ್ನು ಒಂದೊಂದಾಗಿ ಹಾಕುತ್ತಾ ಹೋದರೆ ಮೊದಲನೆಯದಕ್ಕೂ ಕೊನೆಯದಕ್ಕೂ ಅರ್ಧ ನಿಮಿಷದ ಅಂತರ ಬೀಳುತ್ತದೆ. ಕೋಳಿ ಮೊಟ್ಟೆಗೆ ಅರ್ಧ ನಿಮಿಷ ಲೆಕ್ಕಕ್ಕಿಲ್ಲ, ನಾಲ್ಕು ನಿಮಿಷದಲ್ಲಿ ಬೇಯುವ ಮೊಟ್ಟೆಗೆ ಅದು ದೊಡ್ಡ ಪಾಲು. ಆದ್ದರಿಂದ ಎಂಟನ್ನೂ ಜಾಲರಿ ಸೌಟಿನಲ್ಲಿಟ್ಟು ಒಮ್ಮೆಲೇ ಮುಳುಗಿಸಿ. ಮೊದಲ ನಿಮಿಷ ಮೆಲ್ಲಗೆ ಸುತ್ತ ತಿರುಗಿಸುತ್ತಿದ್ದರೆ ಹಳದಿ ಒಂದು ಬದಿಗೆ ವಾಲದೆ ನಡುವೆ ನಿಲ್ಲುತ್ತದೆ.

ಹನ್ನೆರಡು ನಿಮಿಷಕ್ಕೆ ಎಲ್ಲವನ್ನೂ ತೆಗೆದು ಮಂಜುಗಡ್ಡೆ ಹಾಕಿದ ನೀರಿಗೆ ಸುರಿಯಿರಿ. ಇದನ್ನು ಬಿಟ್ಟರೆ ಒಳಗೆ ಉಳಿದ ಬಿಸಿಯಲ್ಲೇ ಅಡುಗೆ ಮುಂದುವರಿಯುತ್ತದೆ, ದೊಡ್ಡ ಮೊಟ್ಟೆಯಲ್ಲಂತೂ ಇನ್ನೂ ಹೆಚ್ಚು. ಗೌಜಲಕ್ಕಿಗೆ ಎರಡು ಮೂರು ನಿಮಿಷ, ಬಾತುಕೋಳಿಗೆ ಹತ್ತು ನಿಮಿಷ ತಣ್ಣೀರಿನಲ್ಲಿರಲಿ.

ಮೊದಲ ಸಲ ಮಾಡುವಾಗ ಒಂದೊಂದನ್ನು ಅಡ್ಡಕ್ಕೆ ಕೊಯ್ದು ನೋಡಿ. ಹಳದಿಯ ನಡುವೆ ಕಿತ್ತಳೆ ಬಣ್ಣದ ಒದ್ದೆ ಮಚ್ಚೆ ಕಂಡರೆ ಬೆಂದಿದ್ದು ಕಡಿಮೆ. ಹಳದಿಯ ಸುತ್ತ ಹಸಿರು ಮಿಶ್ರಿತ ಬೂದು ಉಂಗುರ ಕಂಡರೆ ಬೆಂದಿದ್ದು ಹೆಚ್ಚು. ಬಿಳಿಯಲ್ಲಿರುವ ಗಂಧಕ ಅತಿಯಾದ ಬಿಸಿಗೆ ಅನಿಲವಾಗಿ ಹೊರಟು ಹಳದಿಯಲ್ಲಿರುವ ಕಬ್ಬಿಣದ ಜೊತೆ ಸೇರಿದಾಗ ಈ ಬಣ್ಣ ಹುಟ್ಟುತ್ತದೆ. ತಿಂದರೆ ತೊಂದರೆಯಿಲ್ಲ, ವಾಸನೆ ಮತ್ತು ರುಚಿ ಮಾತ್ರ ಕೆಡುತ್ತದೆ.

ಎರಡು ತಿದ್ದುಪಡಿ. ಮೊಟ್ಟೆಯನ್ನು ಫ್ರಿಜ್‌ನಿಂದ ನೇರವಾಗಿ ಹಾಕಿದರೆ ಕೋಳಿಗೂ ಬಾತುಕೋಳಿಗೂ ಸುಮಾರು ಎರಡು ನಿಮಿಷ, ಗೌಜಲಕ್ಕಿಗೆ ಅರ್ಧ ನಿಮಿಷ ಸೇರಿಸಿ. ಚಿಪ್ಪು ಬಿರಿಯುವ ಸಾಧ್ಯತೆಯೂ ಆಗ ಹೆಚ್ಚು. ಎತ್ತರದ ಪ್ರದೇಶದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಕುದಿಯುತ್ತದೆ, ಸುಮಾರು 300 ಮೀಟರ್ ಏರಿದಂತೆ ಒಂದು ಡಿಗ್ರಿ ಕಡಿಮೆ. 1,500 ಮೀಟರ್ ಎತ್ತರದಲ್ಲಿ ಗಟ್ಟಿ ಕೋಳಿ ಮೊಟ್ಟೆಗೆ ಒಂದೂವರೆಯಿಂದ ಎರಡು ನಿಮಿಷ ಹೆಚ್ಚು ಬೇಕಾಗುತ್ತದೆ.

ಸುಲಿಯುವಾಗ ಆಗುವ ಕಿರಿಕಿರಿ

ಮೊಟ್ಟೆ ಯಾವುದೇ ಇರಲಿ, ಅಂದೇ ಇಟ್ಟದ್ದಾದರೆ ಸುಲಿಯುವುದು ಕಷ್ಟ. ಹೊಸ ಮೊಟ್ಟೆಯ ಬಿಳಿ ಪೊರೆಗೆ ಅಂಟಿಕೊಂಡಿರುತ್ತದೆ. ದಿನ ಕಳೆದಂತೆ ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬಿಳಿಯ ಕ್ಷಾರಗುಣ ಹೆಚ್ಚುತ್ತದೆ, ಅಂಟು ಸಡಿಲವಾಗುತ್ತದೆ. ವಾರ ಕಳೆದ ಮೊಟ್ಟೆ ಈ ಕೆಲಸಕ್ಕೆ ಒಳ್ಳೆಯದು. ತಣ್ಣೀರಿನಲ್ಲಿಟ್ಟು ಕುದಿಸುತ್ತಾ ಹೋಗುವುದಕ್ಕಿಂತ ನೇರ ಕುದಿಯುವ ನೀರಿಗೆ ಹಾಕಿದರೂ ಸುಲಭವಾಗಿ ಬಿಡುತ್ತದೆ.

ಬೆಂದ ಗೌಜಲಕ್ಕಿ ಮೊಟ್ಟೆಯನ್ನು ಅಂಗೈ ಕೆಳಗಿಟ್ಟು ಹಗುರವಾಗಿ ಉರುಳಿಸಿ, ಚಿಪ್ಪು ಎಲ್ಲೆಡೆ ಬಿರುಕು ಬಿಡಲಿ. ನಂತರ ದಪ್ಪ ತುದಿಯಲ್ಲಿ ಚಿವುಟಿ. ಅಲ್ಲಿ ಗಾಳಿ ತುಂಬಿದ ಜಾಗ ಇರುವುದರಿಂದ ಪೊರೆ ಬೆರಳಿಗೆ ಸಿಗುತ್ತದೆ. ಹಸಿ ಮೊಟ್ಟೆಯಲ್ಲಿ ಕಾಟ ಕೊಟ್ಟ ಆ ಗಟ್ಟಿ ಪೊರೆಯೇ ಈಗ ಉಪಕಾರಕ್ಕೆ ಬರುತ್ತದೆ: ಅದನ್ನು ಹಿಡಿದು ಎಳೆದರೆ ಚಿಪ್ಪಿನ ಚೂರುಗಳನ್ನು ಹೊತ್ತುಕೊಂಡು ಪಟ್ಟಿಯಂತೆ ಸುತ್ತಿ ಬರುತ್ತದೆ. ಚೂರು ಚೂರಾಗಿ ಕೀಳಲು ಹೋದವರಿಗೆ ಬಿಳಿಯ ಮೇಲೆ ಗುಂಡಿಗಳು ಖಚಿತ.

ರುಚಿ: ಹಳದಿಯ ಪಾಲಿನ ಆಟ

ಕೋಳಿ ಮೊಟ್ಟೆಯ ತಿನ್ನುವ ಭಾಗದಲ್ಲಿ ಹಳದಿ ಮೂರನೇ ಒಂದು ಭಾಗದಷ್ಟು. ಗೌಜಲಕ್ಕಿ ಮತ್ತು ಬಾತುಕೋಳಿ ಮೊಟ್ಟೆಗಳಲ್ಲಿ ಈ ಪಾಲು ಇನ್ನೂ ಹೆಚ್ಚು. ಮೊಟ್ಟೆಯ ಕೊಬ್ಬೆಲ್ಲ ಇರುವುದು ಹಳದಿಯಲ್ಲಿ, ನಾಲಿಗೆಗೆ ಬೆಣ್ಣೆಯಂಥ ಮೃದುತ್ವ ಕೊಡುವುದೂ ಅದೇ.

ಗೌಜಲಕ್ಕಿ ಮೊಟ್ಟೆಯ ರುಚಿ ಕೋಳಿಯದಕ್ಕೆ ಬಹಳ ಹತ್ತಿರ. ಕಣ್ಣು ಮುಚ್ಚಿ ತಿಂದರೆ ಹಲವರಿಗೆ ವ್ಯತ್ಯಾಸ ತಿಳಿಯದು. ತುಸು ಹೆಚ್ಚು ನುಣುಪು, ಬಿಳಿ ತುಸು ಮೃದು, ಅಷ್ಟೆ. ಇದರ ಬೆಲೆ ಇರುವುದು ಒಂದೇ ತುತ್ತಿಗೆ ಬಿಳಿಯೂ ಹಳದಿಯೂ ಒಟ್ಟಿಗೆ ಬಾಯಿಗೆ ಬರುವುದರಲ್ಲಿ.

ಬಾತುಕೋಳಿ ಮೊಟ್ಟೆಯ ವ್ಯತ್ಯಾಸ ಯಾರಿಗಾದರೂ ಗೊತ್ತಾಗುತ್ತದೆ. ಹಳದಿ ಗಾಢ, ಜಿಡ್ಡು ಹೆಚ್ಚು, ವಾಸನೆಯೂ ತುಸು ಹೆಚ್ಚು. ಹಕ್ಕಿ ತಿಂದ ಮೇವಿನ ಪ್ರಭಾವ ಇದರಲ್ಲಿ ಎದ್ದು ಕಾಣುತ್ತದೆ. ಬಿಳಿ ಬೆಂದಾಗ ಗಟ್ಟಿಯಾಗಿ ಪುಟಿಯುವಂತಿರುತ್ತದೆ, ಒಂದೆರಡು ನಿಮಿಷ ಹೆಚ್ಚು ಬೆಂದರೆ ರಬ್ಬರೇ ಸರಿ. ಹಾಗಾಗಿ ಬಾಣಲೆಯಲ್ಲಿ ಕರಿಯುವಾಗ ಉರಿ ಸಣ್ಣದಿರಲಿ, ಮುಚ್ಚಳ ಮುಚ್ಚಿರಲಿ. ಎತ್ತರಕ್ಕೆ ನಿಂತ ಆ ದೊಡ್ಡ ಹಳದಿಗೆ ಕೆಳಗಿನ ಬಿಸಿ ತಲುಪುವಷ್ಟರಲ್ಲಿ ಬಿಳಿಯ ಅಂಚು ಸೀದುಹೋಗುತ್ತದೆ. ಮುಚ್ಚಳದ ಒಳಗಿನ ಹಬೆ ಮೇಲಿನಿಂದಲೂ ಬೇಯಿಸುತ್ತದೆ.

ಕೇಕ್ ಮಾಡುವವರಿಗೆ ಬಾತುಕೋಳಿ ಮೊಟ್ಟೆ ಇಷ್ಟವಾಗುವುದು ಈ ಜಿಡ್ಡಿನಿಂದಲೇ. ಆದರೆ ಲೆಕ್ಕ ತಪ್ಪಬಾರದು. ಮೂರು ಕೋಳಿ ಮೊಟ್ಟೆಯ 150 ಗ್ರಾಂನಲ್ಲಿ ನೀರಿನ ಅಂಶ ಸುಮಾರು 114 ಗ್ರಾಂ. ಎರಡು ಬಾತುಕೋಳಿ ಮೊಟ್ಟೆಯ 140 ಗ್ರಾಂನಲ್ಲಿ ಸುಮಾರು 99 ಗ್ರಾಂ ಮಾತ್ರ. ಹದಿನೈದು ಗ್ರಾಂ ನೀರು ಕಡಿಮೆ ಬಿತ್ತು, ಕೊಬ್ಬು ಐದು ಗ್ರಾಂ ಹೆಚ್ಚಾಯಿತು. ಒಂದು ದೊಡ್ಡ ಚಮಚ ಹಾಲು ಅಥವಾ ನೀರು ಸೇರಿಸಿ, ಬೆಣ್ಣೆ ಒಂದು ಸಣ್ಣ ಚಮಚ ಕಡಿಮೆ ಮಾಡಿದರೆ ಹಿಟ್ಟು ಸರಿದೂಗುತ್ತದೆ. ಬಿಳಿಯನ್ನು ಮಾತ್ರ ಕಡೆದು ನೊರೆ ಬರಿಸಬೇಕಾದ ಕಡೆ ಬಾತುಕೋಳಿಯದು ಸತಾಯಿಸುತ್ತದೆ. ಕೆಲವು ಹನಿ ನಿಂಬೆರಸ ಹಾಕಿ ಹೆಚ್ಚು ಹೊತ್ತು ಕಡೆಯಬೇಕು. ಅದಕ್ಕೆ ಕೋಳಿ ಮೊಟ್ಟೆಯನ್ನೇ ಬಳಸುವುದು ಜಾಣತನ.

ಪೋಷಣೆ: ಮೂರು ಬಗೆಯಲ್ಲಿ ಎಣಿಸಿದರೆ ಮೂರು ಉತ್ತರ

ಒಂದೊಂದು ಮೊಟ್ಟೆಯಂತೆ ಎಣಿಸಿದರೆ ಕೋಳಿ ಮೊಟ್ಟೆಯಲ್ಲಿ ಸುಮಾರು 72 ಕ್ಯಾಲೊರಿ, 6 ಗ್ರಾಂಗಿಂತ ಸ್ವಲ್ಪ ಹೆಚ್ಚು ಪ್ರೋಟೀನ್. ಬಾತುಕೋಳಿಯದರಲ್ಲಿ 130 ಕ್ಯಾಲೊರಿ, 9 ಗ್ರಾಂ ಪ್ರೋಟೀನ್. ಗೌಜಲಕ್ಕಿಯದರಲ್ಲಿ 14 ಕ್ಯಾಲೊರಿ, 1.2 ಗ್ರಾಂ ಪ್ರೋಟೀನ್. ಇಷ್ಟನ್ನೇ ನೋಡಿದರೆ ಬಾತುಕೋಳಿ ಗೆದ್ದಂತೆ. ನೂರು ಗ್ರಾಂಗೆ ಎಣಿಸಿದರೆ ಪ್ರೋಟೀನ್ ಮೂರರಲ್ಲೂ 12.5ರಿಂದ 13 ಗ್ರಾಂ. ಅಂತರವೇ ಇಲ್ಲ ಎನ್ನಬಹುದು. ಬೇರೆಯಾಗುವುದು ಕೊಬ್ಬು: ಕೋಳಿಯಲ್ಲಿ ಒಂಬತ್ತೂವರೆ, ಗೌಜಲಕ್ಕಿಯಲ್ಲಿ 11, ಬಾತುಕೋಳಿಯಲ್ಲಿ ಹೆಚ್ಚುಕಡಿಮೆ 14 ಗ್ರಾಂ.

ತಟ್ಟೆಗೆ ಬರುವ ಲೆಕ್ಕ ಇನ್ನೊಂದಿದೆ: ಒಂದು ಕೋಳಿ ಮೊಟ್ಟೆಯ ಜಾಗದಲ್ಲಿ ಐದು ಗೌಜಲಕ್ಕಿ ಮೊಟ್ಟೆ ತಿಂದರೆ ಏನಾಗುತ್ತದೆ? ಕ್ಯಾಲೊರಿ, ಪ್ರೋಟೀನ್ ಎರಡೂ ಅಷ್ಟಕ್ಕಷ್ಟೆ. ಕೊಲೆಸ್ಟ್ರಾಲ್ ಮಾತ್ರ 186 ಮಿಲಿಗ್ರಾಂ ಇದ್ದದ್ದು 380ಕ್ಕೆ ಏರುತ್ತದೆ. ಒಂದು ಬಾತುಕೋಳಿ ಮೊಟ್ಟೆಯಲ್ಲಿ ಅದು 600 ಮಿಲಿಗ್ರಾಂ ದಾಟುತ್ತದೆ. ಹಳದಿಯ ಪಾಲು ಹೆಚ್ಚಿರುವುದು ಇದಕ್ಕೆ ಒಂದು ಕಾರಣವೇ ಹೊರತು ಪೂರ್ತಿ ಕಾರಣವಲ್ಲ. ಆ ಹಳದಿಯಲ್ಲೇ ಕೊಲೆಸ್ಟ್ರಾಲ್ ಸಾಂದ್ರವಾಗಿದೆ. ಗೌಜಲಕ್ಕಿ ಮೊಟ್ಟೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ ಎಂಬ ಮಾತು ಎಲ್ಲಿಂದ ಹುಟ್ಟಿತೋ, ನಿಜಕ್ಕೆ ಅದು ತದ್ವಿರುದ್ಧ. ವೈದ್ಯರು ಮೊಟ್ಟೆಯ ಹಳದಿಗೆ ಮಿತಿ ಹೇಳಿದ್ದರೆ ಆ ಮಿತಿಯನ್ನು ಮೊಟ್ಟೆಯ ಸಂಖ್ಯೆಯಲ್ಲಿ ಇಟ್ಟುಕೊಳ್ಳಬೇಡಿ. ದಿನಕ್ಕೊಂದು ಕೋಳಿ ಮೊಟ್ಟೆ ಎಂದಿದ್ದನ್ನು ದಿನಕ್ಕೊಂದು ಬಾತುಕೋಳಿ ಮೊಟ್ಟೆ ಎಂದು ಓದಿದರೆ ಮೂರು ಪಟ್ಟಿಗಿಂತ ಹೆಚ್ಚಾಯಿತು.

ಬಾತುಕೋಳಿ ಮೊಟ್ಟೆಯ ನಿಜವಾದ ಬಲ ಬಿ12 ಜೀವಸತ್ವದಲ್ಲಿದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 2.4 ಮೈಕ್ರೋಗ್ರಾಂ, ಒಂದು ಬಾತುಕೋಳಿ ಮೊಟ್ಟೆಯಲ್ಲೇ ಮೂರೂವರೆಗಿಂತ ಹೆಚ್ಚಿದೆ. ಕೋಳಿಯದರಲ್ಲಿ ಅರ್ಧ ಮೈಕ್ರೋಗ್ರಾಂಗಿಂತ ತುಸು ಕಡಿಮೆ, ಐದು ಗೌಜಲಕ್ಕಿ ಮೊಟ್ಟೆಯಲ್ಲಿ 0.7. ಕಬ್ಬಿಣಾಂಶವೂ ಕೋಳಿಗಿಂತ ಉಳಿದೆರಡರಲ್ಲಿ ನೂರು ಗ್ರಾಂಗೆ ಎರಡು ಪಟ್ಟು ಇದೆ. ಇದನ್ನು ಕೇಳಿ ಹಿಗ್ಗುವ ಮೊದಲು ಒಂದು ಮಾತು: ಹಳದಿಯಲ್ಲಿರುವ ಫಾಸ್ವಿಟಿನ್ ಎಂಬ ಪ್ರೋಟೀನ್ ಕಬ್ಬಿಣವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಹೊಟ್ಟೆಗೆ ಹೋದದ್ದರಲ್ಲಿ ಮೈಗೆ ಹತ್ತುವುದು ಸ್ವಲ್ಪವೇ.

ಎರಡು ತಪ್ಪು ತಿಳಿವಳಿಕೆ

ಗೌಜಲಕ್ಕಿ ಮೊಟ್ಟೆಯನ್ನು ಹಸಿಯಾಗಿ ನುಂಗಿದರೆ ಹೆಚ್ಚು ಶಕ್ತಿ ಎನ್ನುವವರಿದ್ದಾರೆ. ಹಸಿ ಬಿಳಿಯಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶಗಳಿವೆ. ಅವಿಡಿನ್ ಎಂಬ ಇನ್ನೊಂದು ಅಂಶ ಬಯೋಟಿನ್ ಜೀವಸತ್ವವನ್ನು ಕಟ್ಟಿಹಾಕುತ್ತದೆ. ಬೇಯಿಸಿದಾಗ ಇವುಗಳ ಆಟ ಬಹುಮಟ್ಟಿಗೆ ನಿಲ್ಲುತ್ತದೆ. ಅಂದರೆ ಬೇಯಿಸಿದ ಮೊಟ್ಟೆಯಿಂದಲೇ ಮೈಗೆ ಹೆಚ್ಚು ಪ್ರೋಟೀನ್ ಸಿಗುವುದು, ರೋಗಾಣುವಿನ ಭಯವೂ ಇಲ್ಲ.

ಕೋಳಿ ಮೊಟ್ಟೆ ಒಗ್ಗದವರು ಗೌಜಲಕ್ಕಿ ಅಥವಾ ಬಾತುಕೋಳಿ ಮೊಟ್ಟೆ ತಿನ್ನಬಹುದು ಎಂಬುದು ಇನ್ನೊಂದು, ಅಪಾಯಕಾರಿಯೂ ಹೌದು. ಅಲರ್ಜಿ ಎಬ್ಬಿಸುವ ಪ್ರೋಟೀನ್‌ಗಳು ಮೂರರಲ್ಲೂ ಒಂದನ್ನೊಂದು ಹೋಲುತ್ತವೆ. ಒಂದಕ್ಕೆ ತಿರುಗಿಬಿದ್ದ ಮೈ ಇನ್ನೊಂದಕ್ಕೂ ತಿರುಗಿಬೀಳುವುದೇ ಹೆಚ್ಚು. ಒಂದಕ್ಕೆ ಮಾತ್ರ ಅಲರ್ಜಿ ಇರುವವರು ಅಪರೂಪಕ್ಕೆ ಇದ್ದಾರೆ. ಅದನ್ನು ಪತ್ತೆ ಮಾಡಬೇಕಾದ ಜಾಗ ಅಲರ್ಜಿ ತಜ್ಞರ ಕೊಠಡಿ, ಮನೆಯ ಊಟದ ತಟ್ಟೆಯಲ್ಲ.